ಅಂಗಡಿ ಮುಚ್ಚಿದೆ, ಹೋಳಿಗೆ ಸಿಗುತ್ತದೆ

ಮೈಸೂರಿನ ಕುವೆಂಪುನಗರದಲ್ಲಿ ನನ್ನ ಸೋದರಮಾವನದೊಂದು ಕಾಂಡಿಮೆಂಟ್ಸ್ ಅಂಗಡಿ ಇದೆ. ಚಕ್ಕುಲಿ, ನಿಪ್ಪಟ್ಟು, ಕೋಡುಬಳೆ, ಚಟ್ನಿಪುಡಿ, ಹುಳಿಪುಡಿ, ದಿನಾ ಬೆಳಗ್ಗೆ ಬಿಸಿ ಹೋಳಿಗೆ. 2025ರ ಬೇಸಿಗೆಯಲ್ಲೇ ಅಂಗಡಿಯ ನೆಲ ಕುಸಿಯತೊಡಗಿತ್ತು. ಟೈಲ್ಸು ಎದ್ದು ಬಂದು, ಎಣ್ಣೆ ಡಬ್ಬ ಇಟ್ಟ ಕಡೆ ಹಳ್ಳ ಬಿದ್ದಿತ್ತು. ಮದುವೆ ಕಾಲದಲ್ಲಿ ಬಾಗಿಲು ಹಾಕುವಂತಿಲ್ಲ. ಆಷಾಢ ಬರಲಿ ಎಂದು ಮಾವ ಕಾದರು. ಆ ವರ್ಷ ಜೂನ್ 26ಕ್ಕೆ ಆಷಾಢ ಹುಟ್ಟಿತು. ಜುಲೈ 7ರಿಂದ ಒಂಬತ್ತು ದಿನ ಕೆಲಸ ಎಂದು ಗಾರೆ ಮೇಸ್ತ್ರಿ ಹೇಳಿದ. ಜೂನ್ 28ರ ಶನಿವಾರ ನಾನು ಅಂಗಡಿಗೆ ಹೋದಾಗ ಮಾವ ಒಂದು ಹಾಳೆ ಮುಂದಿಟ್ಟರು.

“ನೋಡೋ, ಇದನ್ನ ಚೆನ್ನಾಗಿ ಟೈಪ್ ಮಾಡಿಸಿಕೊಂಡು ಬಾ. ಷಟರಿಗೂ ಅಂಟಿಸಬೇಕು, ವಾಟ್ಸ್ಆ್ಯಪಿಗೂ ಹಾಕಬೇಕು.”

ಹಾಳೆಯಲ್ಲಿ ಹೀಗಿತ್ತು: “ಗ್ರಾಹಕ ಮಹಾಶಯರಲ್ಲಿ ವಿನಂತಿ. ಅನಿವಾರ್ಯ ಕಾರಣಗಳಿಂದ ನಮ್ಮ ಅಂಗಡಿಯು ಮುಂದಿನ ಸೋಮವಾರದಿಂದ 15ರವರೆಗೆ ಮುಚ್ಚಿರುತ್ತದೆ. ಆರ್ಡರ್‌ಗಾಗಿ ಸಂಪರ್ಕಿಸಿ. ಆಗುವ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ಇಂತಿ, ಮಾಲೀಕರು.”

ನಮ್ಮ ಊರುಗಳ ಯಾವ ಬೀದಿಯಲ್ಲಿ ನಡೆದರೂ ಇಂಥದ್ದೊಂದು ಚೀಟಿ ಕಣ್ಣಿಗೆ ಬೀಳುತ್ತದೆ. ವಿನಯಕ್ಕೆ ಕೊರತೆಯಿಲ್ಲ, ಭಾಷೆಯೂ ತಪ್ಪಿಲ್ಲ. ಆದರೆ ಸಂಜೆ ಬ್ಯಾಗು ಹಿಡಿದು ಬಂದು ಇಳಿಸಿದ ಷಟರಿನ ಮುಂದೆ ನಿಂತವರಿಗೆ ಬೇಕಾದ ಒಂದು ಸಂಗತಿಯೂ ಅದರಲ್ಲಿ ಪೂರ್ತಿಯಾಗಿಲ್ಲ. ನಾವಿಬ್ಬರೂ ಆ ಸಂಜೆ ಎರಡು ಗಂಟೆ ಕೂತು ಅದನ್ನು ತಿದ್ದಿದೆವು. ಆಮೇಲಿನ ಹತ್ತು ಹನ್ನೊಂದು ದಿನದಲ್ಲಿ ಅದು ಎಲ್ಲಿ ಕೆಲಸ ಮಾಡಿತು, ಎಲ್ಲಿ ಕೈಕೊಟ್ಟಿತು ಎಂಬುದನ್ನೂ ಹತ್ತಿರದಿಂದ ಕಂಡೆ. ಸಣ್ಣ ಅಂಗಡಿ ನಡೆಸುವವರಿಗೆ ಉಪಯೋಗವಾದೀತು ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ತೊಡಕು ದಿನದ್ದು. “ಮುಂದಿನ ಸೋಮವಾರ” ಎಂದರೆ ಯಾವುದು? ಶನಿವಾರ ಓದುವ ಒಬ್ಬರಿಗೆ ಅದು ನಾಡಿದ್ದಿನ ಜೂನ್ 30. ಇನ್ನೊಬ್ಬರಿಗೆ ಅದರ ಮುಂದಿನ ವಾರದ ಜುಲೈ 7. ಮಾವನ ಮನಸ್ಸಿನಲ್ಲಿದ್ದದ್ದು ಎರಡನೆಯದು. ಅತ್ತೆಯನ್ನು ಕರೆದು ಓದಿಸಿದರೆ ಅವರು ಹೇಳಿದ್ದು ಮೊದಲನೆಯದು. ಒಂದೇ ಮನೆಯ ಇಬ್ಬರಲ್ಲೇ ಇಷ್ಟು ಅಂತರವಿದ್ದರೆ ಬೀದಿಯ ಜನರ ಮಾತೇನು! ಇದಕ್ಕಿಂತ ಕಷ್ಟದ್ದು “ನಾಳೆ”. “ನಾಳೆ ಅಂಗಡಿ ರಜೆ” ಎಂದು ಬರೆದು ಅಂಟಿಸಿದ ಚೀಟಿಯನ್ನು ಮಂಗಳವಾರ ಓದಿದವರಿಗೆ ಬುಧವಾರ ರಜೆ, ಬುಧವಾರ ಓದಿದವರಿಗೆ ಗುರುವಾರ ರಜೆ. ಅಂಟಿಸಿದ ಹಾಳೆಗೆ ತಾನು ಯಾವ ದಿನ ಬರೆಯಲ್ಪಟ್ಟೆ ಎಂದು ಗೊತ್ತಿರುವುದಿಲ್ಲ. ವಾಟ್ಸ್ಆ್ಯಪಿನಲ್ಲಿ ಕೈಯಿಂದ ಕೈಗೆ ಹೋಗುವ ಸಂದೇಶದ ಪಾಡೂ ಅಷ್ಟೇ. ಹಾಗಾಗಿ ತಾರೀಖು ಮತ್ತು ವಾರ ಎರಡನ್ನೂ ಜೊತೆಗೆ ಬರೆಯಬೇಕು. ಎರಡೂ ಇದ್ದರೆ ಬರೆಯುವವರ ತಪ್ಪೂ ಅಲ್ಲೇ ಹಿಡಿದುಬೀಳುತ್ತದೆ. “ಜುಲೈ 7, ಮಂಗಳವಾರ” ಎಂದು ಬರೆದುಬಿಟ್ಟರೆ ಕ್ಯಾಲೆಂಡರು ನೋಡಿದ ಯಾರಾದರೂ ಕೇಳಿಯೇ ಕೇಳುತ್ತಾರೆ.

“15ರವರೆಗೆ” ಎಂಬುದೂ ಹಾಗೆಯೇ. ಹದಿನೈದನೇ ತಾರೀಖು ಬಾಗಿಲು ತೆಗೆಯುತ್ತಾರೋ ಇಲ್ಲವೋ? ಕನ್ನಡದ “ವರೆಗೆ” ಎರಡು ಕಡೆಗೂ ಎಳೆಯುತ್ತದೆ. ಇದಕ್ಕೆ ಸುಲಭದ ದಾರಿಯೆಂದರೆ ಮುಚ್ಚುವ ಕೊನೆಯ ದಿನದ ಜೊತೆಗೆ ತೆರೆಯುವ ದಿನವನ್ನೂ ಗಂಟೆಯನ್ನೂ ಬೇರೆ ಸಾಲಿನಲ್ಲಿ ಹೇಳಿಬಿಡುವುದು. ಗಿರಾಕಿ ನೆನಪಿಟ್ಟುಕೊಳ್ಳುವುದೂ ತೆರೆಯುವ ದಿನವನ್ನೇ.

“ಅನಿವಾರ್ಯ ಕಾರಣಗಳಿಂದ” ಎಂಬ ಮಾತನ್ನು ನಾನು ಹೊಡೆದುಹಾಕಿದಾಗ ಮಾವ ಒಪ್ಪಲಿಲ್ಲ. ಮನೆಯ ವಿಷಯ ಬೀದಿಗೆ ಯಾಕೆ ಎಂಬುದು ಅವರ ವಾದ. ಆದರೆ ಕಾರಣ ಹೇಳದ ಕಡೆ ಜನ ತಾವೇ ಒಂದು ಕಾರಣ ಕಟ್ಟಿಕೊಳ್ಳುತ್ತಾರೆ. ಸಾಲ ಜಾಸ್ತಿಯಾಯಿತಂತೆ, ಅಂಗಡಿ ಮಾರುತ್ತಾರಂತೆ, ಯಜಮಾನರಿಗೆ ಹುಷಾರಿಲ್ಲವಂತೆ. ತಿಂಡಿ ಅಂಗಡಿಯಾದರೆ ಇನ್ನೂ ಕೆಟ್ಟ ಅನುಮಾನ ಹುಟ್ಟುತ್ತದೆ: ಆಹಾರ ಇಲಾಖೆಯವರು ಬಂದು ಬೀಗ ಹಾಕಿಸಿದರಂತೆ. “ನೆಲ ಕಿತ್ತು ಹೊಸದಾಗಿ ಹಾಸುತ್ತಿದ್ದೇವೆ” ಎಂಬ ನಾಲ್ಕೇ ಮಾತು ಅಷ್ಟನ್ನೂ ತಡೆಯುತ್ತದೆ. ಸಾವಿನ ಮನೆಯಲ್ಲೂ ಹೀಗೆಯೇ. “ನಮ್ಮ ತಂದೆಯವರು ತೀರಿಕೊಂಡಿದ್ದರಿಂದ” ಎಂದು ಇದ್ದದ್ದನ್ನು ಬರೆದರೆ ಜನ ಫೋನು ಮಾಡುವುದನ್ನು ತಾವಾಗಿಯೇ ನಿಲ್ಲಿಸುತ್ತಾರೆ. ಕಾಯಿಲೆಯ ಹೆಸರಾಗಲಿ ಮನೆಯ ಜಗಳವಾಗಲಿ ಬೇಕಿಲ್ಲ. ಅಲ್ಲಿ “ಮನೆಯಲ್ಲಿ ಆಸ್ಪತ್ರೆ ಓಡಾಟವಿದೆ” ಎಂದರೆ ಸಾಕು.

ಎರಡು ಗಂಟೆಯಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಮಾತ್ರ “ಆರ್ಡರ್‌ಗಾಗಿ ಸಂಪರ್ಕಿಸಿ” ಎಂಬ ಎರಡು ಪದ. ಯಾವುದಕ್ಕೆ, ಯಾವಾಗ, ಯಾರನ್ನು, ಎಲ್ಲಿಂದ ತೆಗೆದುಕೊಂಡು ಹೋಗಬೇಕು, ದುಡ್ಡು ಹೇಗೆ? ಬರೆಯಲು ಕೂತಾಗ ಗೊತ್ತಾಯಿತು, ಈ ಪ್ರಶ್ನೆಗಳಿಗೆ ಮಾವನ ಹತ್ತಿರವೂ ಉತ್ತರ ಇರಲಿಲ್ಲ. ಸಂದೇಶ ಬರೆಯುವ ಮೊದಲು ಅಡುಗೆಮನೆಯ ಲೆಕ್ಕ ಮುಗಿದಿರಬೇಕಾಗಿತ್ತು.

ಅಂಗಡಿಯ ಹಿಂದೆಯೇ ಅವರ ಮನೆ. ಹೋಳಿಗೆ, ಪುಡಿಗಳೆಲ್ಲ ಮೊದಲಿನಿಂದಲೂ ಆಗುವುದು ಆ ಮನೆಗೆ ಸೇರಿದ ಅಡುಗೆ ಕೋಣೆಯಲ್ಲಿ. ಆಹಾರ ಸುರಕ್ಷತೆಯ ನೋಂದಣಿಯೂ ಅದೇ ವಿಳಾಸಕ್ಕಿದೆ. (ಅಂಗಡಿ ಮುಚ್ಚಿದೆ ಎಂದು ಇನ್ನೊಂದು ಬಡಾವಣೆಯ ಮನೆಯಲ್ಲಿ ತಿಂಡಿ ಮಾಡಿ ಮಾರಲು ಹೊರಡುವವರು ಇದನ್ನು ಗಮನಿಸಬೇಕು. ಆ ನೋಂದಣಿ ಆಯಾ ಜಾಗಕ್ಕೆ ಕೊಟ್ಟದ್ದು.) ಕರಿಯುವ ದೊಡ್ಡ ಬಾಣಲೆ, ಒಲೆ ಮಾತ್ರ ಅಂಗಡಿಯೊಳಗೇ ಇದ್ದವು. ನೆಲ ಕಿತ್ತರೆ ಚಕ್ಕುಲಿ, ನಿಪ್ಪಟ್ಟು, ಕೋಡುಬಳೆ ಮೂರೂ ನಿಂತ ಹಾಗೆ. ಉಳಿಯುವುದು ಹೋಳಿಗೆ ಮತ್ತು ಪುಡಿಗಳು.

ಪುಡಿಗೆ ಅವಸರವಿಲ್ಲ, ಮೊದಲೇ ಮಾಡಿಟ್ಟರಾಯಿತು. ಹೋಳಿಗೆಯದೇ ಲೆಕ್ಕ. ಒಂದು ಕಿಲೋ ಕಡಲೆಬೇಳೆಗೆ ಅವರ ಅಳತೆಯಲ್ಲಿ ಸುಮಾರು 50 ಹೋಳಿಗೆ ಬರುತ್ತವೆ. ಬೇಳೆ ಬೇಯಿಸಿ, ಬಸಿದು, ಬೆಲ್ಲ ಹಾಕಿ ಕಾಯಿಸಿ ರುಬ್ಬಿದ ಹೂರಣ ತಣ್ಣಗಾಗಬೇಕು. ಕಣಕ ಕನಿಷ್ಠ ಎರಡು ಗಂಟೆ ಎಣ್ಣೆಯಲ್ಲಿ ನೆನೆಯಬೇಕು. ಅತ್ತೆ ಮತ್ತು ಸಹಾಯಕ್ಕೆ ಬರುವ ಹೆಂಗಸು ಇಬ್ಬರೇ ಎರಡು ಹೆಂಚಿನಲ್ಲಿ ತಟ್ಟಿ ಬೇಯಿಸಿದರೆ ಹನ್ನೊಂದರೊಳಗೆ 120 ಆಗುತ್ತದೆ. ಅದಕ್ಕಿಂತ ಹೆಚ್ಚಾದರೆ ಅಂಚು ಹಸಿಯಾಗಿ ಉಳಿಯುತ್ತದೆ ಎಂದು ಅತ್ತೆ ಖಡಾಖಂಡಿತ ಹೇಳಿದರು. ಎಷ್ಟು ಬೇಳೆ ಹಾಕಬೇಕು, ಎಷ್ಟು ಕಾಯಿ ತರಿಸಬೇಕು ಎಂಬುದು ಹಿಂದಿನ ರಾತ್ರಿಯೇ ಗೊತ್ತಾಗಬೇಕು. ಆದ್ದರಿಂದ ರಾತ್ರಿ 8ಕ್ಕೆ ಆರ್ಡರ್ ಬಂದ್. ಈ 8, ಈ 11, ಈ 120 ಯಾವುದೂ ಅಂದಾಜಿಗೆ ಬರೆದ ಅಂಕಿಯಲ್ಲ, ಒಲೆಯ ಮುಂದೆ ಹುಟ್ಟಿದ ಅಂಕಿ. ಹೀಗೆ ಹುಟ್ಟದ ಸಮಯವನ್ನು ಸಂದೇಶದಲ್ಲಿ ಬರೆದರೆ ಮೂರನೇ ದಿನಕ್ಕೇ ಮಾತು ತಪ್ಪುತ್ತದೆ.

ಮನೆಗೆ ತಲುಪಿಸುವುದನ್ನು ಮಾವ ಬೇಡವೆಂದರು. ಅವರೊಬ್ಬರೇ ಸ್ಕೂಟರಿನಲ್ಲಿ ಹೋದರೆ ಗಾರೆ ಕೆಲಸದವರನ್ನು ನೋಡಿಕೊಳ್ಳುವವರಿಲ್ಲ. ಅದು ಸರಿಯಾದ ತೀರ್ಮಾನ. ಕಷ್ಟಪಟ್ಟು ಅರ್ಧಂಬರ್ಧ ತಲುಪಿಸುವುದಕ್ಕಿಂತ, ಹಿಂದಿನ ಗೇಟಿಗೆ ಬನ್ನಿ ಎಂದು ಹೇಳಿ ಅಲ್ಲಿ ತಪ್ಪದೆ ಕೊಡುವುದು ಮೇಲು.

ಇಷ್ಟಾದ ಮೇಲೆ ಸಂದೇಶ ಹೀಗೆ ನಿಂತಿತು:

“ಅಂಗಡಿ ಜುಲೈ 7 ಸೋಮವಾರದಿಂದ ಜುಲೈ 15 ಮಂಗಳವಾರದ ಕೊನೆಯವರೆಗೆ ಮುಚ್ಚಿರುತ್ತದೆ. ಜುಲೈ 16 ಬುಧವಾರ ಬೆಳಗ್ಗೆ 8ಕ್ಕೆ ತೆರೆಯುತ್ತೇವೆ. ನೆಲ ಕಿತ್ತು ಹೊಸದಾಗಿ ಹಾಸುತ್ತಿದ್ದೇವೆ.

ಈ ದಿನಗಳಲ್ಲೂ ಬೇಳೆ ಹೋಳಿಗೆ, ಕಾಯಿ ಹೋಳಿಗೆ, ಚಟ್ನಿಪುಡಿ, ಹುಳಿಪುಡಿ ಹೇಳಿದರೆ ಮಾಡಿಕೊಡುತ್ತೇವೆ. ಚಕ್ಕುಲಿ, ನಿಪ್ಪಟ್ಟು, ಕೋಡುಬಳೆ ಇರುವುದಿಲ್ಲ.

ಹಿಂದಿನ ದಿನ ರಾತ್ರಿ 8ರೊಳಗೆ ಈ ನಂಬರಿಗೆ ಫೋನ್ ಅಥವಾ ವಾಟ್ಸ್ಆ್ಯಪ್ ಮಾಡಿ. ಹೆಸರು, ಯಾವ ಹೋಳಿಗೆ, ಎಷ್ಟು, ಯಾವ ದಿನಕ್ಕೆ ಎಂದು ತಿಳಿಸಿ. ಬೆಳಗ್ಗೆ 11ರಿಂದ ಮಧ್ಯಾಹ್ನ 1ರವರೆಗೆ ಅಂಗಡಿಯ ಹಿಂದಿನ ರಸ್ತೆಯ ಹಸಿರು ಗೇಟಿನಲ್ಲಿ ಸಿಗುತ್ತದೆ. ದುಡ್ಡು ಆಗ ಕೊಟ್ಟರೆ ಸಾಕು.”

ಕೆಳಗೆ ಅಂಗಡಿಯ ಹೆಸರು, ನಂಬರು, ಬರೆದ ತಾರೀಖು. ವಿನಂತಿ, ವಿಷಾದಗಳನ್ನು ಮಾವ ಕೇಳಿ ಕೇಳಿ ಕೊನೆಗೆ ಒಂದು “ನಮಸ್ಕಾರ”ವನ್ನು ತಳದಲ್ಲಿ ಉಳಿಸಿಕೊಂಡರು. ಅದು ಅಲ್ಲಿದ್ದರೆ ಏನೂ ತೊಂದರೆಯಿಲ್ಲ. ತೊಂದರೆ ಮೊದಲ ಸಾಲಿನಲ್ಲಿದ್ದಾಗ. ಮೊಬೈಲಿನ ಮೇಲೆ ಸಂದೇಶ ಬಂದು ಇಣುಕಿದಾಗ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ. “ಗ್ರಾಹಕ ಮಹಾಶಯರಲ್ಲಿ ವಿನಂತಿ” ಎಂದು ಕಂಡರೆ ಯಾವುದೋ ಜಾಹೀರಾತು ಎಂದು ಜನ ಒರೆಸಿ ಹಾಕುತ್ತಾರೆ.

ಯಾವುದು ಸಿಗುವುದಿಲ್ಲ ಎಂದು ಬರೆದದ್ದು ಹೆಚ್ಚು ಕೆಲಸಕ್ಕೆ ಬಂತು. ಅದಿಲ್ಲದಿದ್ದರೆ ಬರುತ್ತಿದ್ದ ಕರೆಗಳಲ್ಲಿ ಅರ್ಧ ಚಕ್ಕುಲಿಗೇ ಆಗಿರುತ್ತಿದ್ದವು.

ಇನ್ನು ಷಟರಿನ ಮಾತು. ಅಂಗಡಿ ತೆರೆದಿರುವಾಗ ಗಾಜಿನ ಕಪಾಟಿನ ಮೇಲೆ ಅಂಟಿಸಿದ ಚೀಟಿ, ಷಟರು ಇಳಿದ ಕೂಡಲೇ ಒಳಗೆ ಸೇರಿಹೋಗುತ್ತದೆ. ಆದ್ದರಿಂದ ಎರಡು ಹಾಳೆ ಬೇಕು. ಒಂದು ವಾರ ಮೊದಲೇ ಒಳಗೆ ಕೌಂಟರಿನ ಮೇಲೆ, ಇನ್ನೊಂದು ಮುಚ್ಚಿದ ದಿನ ಷಟರಿನ ಮೇಲೆ ಕಣ್ಣಿನ ಮಟ್ಟಕ್ಕೆ. ಒಂದು ಅಂಗುಲ ಎತ್ತರದ ಅಕ್ಷರವನ್ನು ಹತ್ತು ಅಡಿ ದೂರದಿಂದ ನಿರಾಯಾಸವಾಗಿ ಓದಬಹುದು ಎಂಬುದು ಬೋರ್ಡು ಬರೆಯುವವರ ಲೆಕ್ಕ. ಸ್ಕೂಟರಿನಿಂದ ಇಳಿಯದೆ ಓದಬೇಕಾದದ್ದು ಎರಡೇ ಸಂಗತಿ: ಯಾವಾಗ ತೆರೆಯುತ್ತದೆ, ಯಾವ ನಂಬರು. ಆ ಎರಡನ್ನು ದೊಡ್ಡದಾಗಿ ಹಾಕಿಸಿ ಉಳಿದದ್ದನ್ನು ಸಣ್ಣಕ್ಷರದಲ್ಲಿ ಬಿಟ್ಟೆವು. ಜುಲೈ ತಿಂಗಳ ಜಿಟಿಜಿಟಿ ಮಳೆಗೆ ಹಾಳೆಯನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ತೂರಿಸಿ, ಬಾಯಿ ಕೆಳಗೆ ಬರುವಂತೆ ಅಂಟಿಸಿದೆವು. ಬಾಯಿ ಮೇಲಿದ್ದರೆ ನೀರು ತುಂಬಿ ಶಾಯಿ ಇಳಿಯುತ್ತದೆ.

ಆ ಹಾಳೆಯಲ್ಲಿ ಹಣ ಕಟ್ಟುವ ಕ್ಯೂಆರ್ ಕೋಡನ್ನೂ ಹಾಕಿಬಿಡೋಣ, ಜನ ಮೊದಲೇ ಕಟ್ಟಲಿ ಎಂದು ಮಾವನ ಮಗ ಹೇಳಿದ. ನಾನು ಬೇಡವೆಂದೆ. ಕಾಯುವವರಿಲ್ಲದ ಷಟರಿನ ಮೇಲಿರುವ ಕೋಡಿನ ಮೇಲೆ ಯಾರು ಬೇಕಾದರೂ ತಮ್ಮದೊಂದು ಕೋಡನ್ನು ಅಂಟಿಸಿ ಹೋಗಬಹುದು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೊದಲ್ಲಿ ಹೀಗೆಯೇ ಆಯಿತು. ರಾತ್ರೋರಾತ್ರಿ ಹಲವು ಅಂಗಡಿಗಳ ಕೋಡಿನ ಮೇಲೆ ಬೇರೆ ಕೋಡು ಅಂಟಿಸಿಹೋಗಿದ್ದರು. ಹಣ ಬೇರೆಯವರ ಖಾತೆಗೆ ಹೋಗುತ್ತಿದೆ ಎಂದು ಗೊತ್ತಾದದ್ದು ಗಿರಾಕಿಗಳು ಕಟ್ಟಿದ ಮೇಲೆ. ಅಂಗಡಿ ತೆರೆದಿದ್ದರೆ ಕೋಡಿನ ಪೆಟ್ಟಿಗೆ ಕೂಗಿ ಹೇಳುತ್ತದೆ, ಇಲ್ಲವೇ ಯಜಮಾನರು ಮೊಬೈಲು ನೋಡುತ್ತಾರೆ. ಮುಚ್ಚಿದ ಬಾಗಿಲಿಗೆ ಆ ಕಾವಲಿಲ್ಲ. ಅದಕ್ಕೇ ಷಟರಿನ ಮೇಲೆ ಫೋನ್ ನಂಬರು ಮಾತ್ರ, ದುಡ್ಡು ಗೇಟಿನಲ್ಲಿ. ನಂಬರೂ ಹೊಸದಾಗಿರಬಾರದು. ಬಿಲ್ಲಿನ ಮೇಲೆ, ಪೊಟ್ಟಣದ ಚೀಟಿಯ ಮೇಲೆ ಇರುವ ಹಳೆಯ ನಂಬರೇ ಇದ್ದರೆ ಗಿರಾಕಿ ಹೋಲಿಸಿ ನೋಡಿಕೊಳ್ಳಬಹುದು. “ಅಂಗಡಿ ಮುಚ್ಚಿದೆ, ಈ ಹೊಸ ನಂಬರಿಗೆ ಮುಂಗಡ ಕಳಿಸಿ” ಎಂಬ ಸಂದೇಶ ಬಂದರೆ ಹಳೆಯ ನಂಬರಿಗೆ ಒಮ್ಮೆ ಕರೆ ಮಾಡದೆ ಯಾರೂ ಹಣ ಹಾಕಬಾರದು.

ವಾಟ್ಸ್ಆ್ಯಪಿನಲ್ಲಿ ನಾವು ಮೊದಲೇ ಎಡವಿದೆವು. ಮಾವನ ಬಳಿ ಸುಮಾರು 300 ಖಾಯಂ ಗಿರಾಕಿಗಳ ನಂಬರಿತ್ತು. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಒಂದಕ್ಕೆ 256 ಜನ ಮಾತ್ರ ಹಿಡಿಯುತ್ತಾರೆ. ಹಾಗಾಗಿ ಎರಡು ಪಟ್ಟಿ ಮಾಡಿ ಜುಲೈ 1ರಂದು ಕಳಿಸಿದೆವು. ಮಾವ ನೆಮ್ಮದಿಯಾಗಿದ್ದರು. ಮಾರನೇ ದಿನ ಸಂದೇಶದ ಮೇಲೆ ಬೆರಳು ಒತ್ತಿಹಿಡಿದು `Info` ತೆರೆದು ನೋಡಿದಾಗ ತಲುಪಿದವರ ಪಟ್ಟಿ ಅರ್ಧಕ್ಕೂ ಕಡಿಮೆ ಇತ್ತು. ಬ್ರಾಡ್‌ಕಾಸ್ಟ್ ಸಂದೇಶ, ಕಳಿಸುವವರ ನಂಬರನ್ನು ತಮ್ಮ ಫೋನಿನಲ್ಲಿ ಹೆಸರು ಹಾಕಿ ಉಳಿಸಿಕೊಂಡವರಿಗೆ ಮಾತ್ರ ಹೋಗುತ್ತದೆ. ನಾವು ಅವರ ನಂಬರನ್ನು ಇಟ್ಟುಕೊಂಡಿದ್ದರೆ ಸಾಲದು, ಅವರೂ ನಮ್ಮದನ್ನು ಇಟ್ಟುಕೊಂಡಿರಬೇಕು. ಇಲ್ಲದಿದ್ದರೆ ಸಂದೇಶ ಸದ್ದಿಲ್ಲದೆ ನಿಂತುಬಿಡುತ್ತದೆ, ತಪ್ಪಾಯಿತು ಎಂದು ಎಲ್ಲೂ ಹೇಳುವುದಿಲ್ಲ.

ಉಳಿದವರಿಗೆ ಏನು ಮಾಡುವುದು? ಒಂದೇ ಸಲ ನೂರಾರು ಮಂದಿಗೆ ಸುರಿದರೆ ಜನ ಕಿರಿಕಿರಿ ಎಂದು ದೂರು ಒತ್ತುತ್ತಾರೆ, ಅಂಥ ದೂರು ಹೆಚ್ಚಾದರೆ ನಂಬರೇ ನಿಂತುಹೋಗುತ್ತದೆ. ಆರ್ಡರಿನ ದಾರಿಯೇ ಆ ನಂಬರು. ಅದನ್ನು ಪಣಕ್ಕಿಡುವಂತಿಲ್ಲ. ಪ್ರತಿ ಶುಕ್ರವಾರ ತಪ್ಪದೆ ಹೋಳಿಗೆ ಒಯ್ಯುವ ನಲವತ್ತು ಮನೆಗಳನ್ನು ಮಾವ ಪುಸ್ತಕದಿಂದ ಆರಿಸಿ ಕೊಟ್ಟರು, ಅವರಿಗೆ ಒಬ್ಬೊಬ್ಬರಿಗೇ ಕಳಿಸಿದೆವು. ಅದರಲ್ಲಿ ಹನ್ನೊಂದು ಮನೆಯವರ ಹತ್ತಿರ ವಾಟ್ಸ್ಆ್ಯಪ್ಪೇ ಇಲ್ಲ, ಹೆಚ್ಚಿನವರು ವಯಸ್ಸಾದವರು. ಅವರಿಗೆ ಅತ್ತೆ ಫೋನು ಮಾಡಿ ಹೇಳಿದರು. ಮಿಕ್ಕವರಿಗಾಗಿ ಒಂದು ವಾರ ಕೌಂಟರಿನಲ್ಲೇ ಪ್ರತಿ ಪೊಟ್ಟಣದ ಜೊತೆಗೆ ಸಣ್ಣ ಚೀಟಿ ಹಾಕಿಕೊಟ್ಟೆವು. ಕೊನೆಗೆ ಲೆಕ್ಕ ನೋಡಿದರೆ ಹೆಚ್ಚು ಆರ್ಡರು ಬಂದದ್ದು ಆ ಚೀಟಿಯಿಂದಲೇ.

ನಂಬರು ಉಳಿಸಿಕೊಳ್ಳದವರೂ ನೇರ ಆರ್ಡರ್ ಬರೆಯುವಂತೆ ಒಂದು ಕೊಂಡಿ ಮಾಡಬಹುದು. ಅದನ್ನು ಒತ್ತಿದರೆ ಅಂಗಡಿಯ ಜೊತೆಗಿನ ಮಾತುಕತೆ ತೆರೆದುಕೊಂಡು, ನಾವು ಮೊದಲೇ ಇಟ್ಟ ಪದ ಬರೆಯುವ ಜಾಗದಲ್ಲಿ ಸಿದ್ಧವಾಗಿರುತ್ತದೆ.

```
https://wa.me/91XXXXXXXXXX?text=HOLIGE
```

ಎಕ್ಸ್ ಇರುವಲ್ಲಿ ಹತ್ತಂಕಿಯ ನಂಬರು. ಮುಂದೆ 91 ಇರಲೇಬೇಕು, ಕೂಡಿಸುವ ಚಿಹ್ನೆಯಾಗಲಿ ಸೊನ್ನೆಯಾಗಲಿ ಖಾಲಿ ಜಾಗವಾಗಲಿ ಇರಬಾರದು. ಕಳಿಸುವ ಮೊದಲು ಬೇರೆಯವರ ಫೋನಿನಿಂದ ಒತ್ತಿ ನೋಡಬೇಕು. ಒಂದಂಕಿ ತಪ್ಪಿದರೂ ಹೋಳಿಗೆಯ ಆರ್ಡರು ಅಪರಿಚಿತರೊಬ್ಬರ ಮನೆಗೆ ಹೋಗಿ ಕೂರುತ್ತದೆ.

ನಿಜವಾದ ಪೆಟ್ಟು ಬಿದ್ದದ್ದು ಜುಲೈ 10ರ ಗುರುವಾರ. ಮಾರನೇ ದಿನ ಆಷಾಢದ ಮೂರನೇ ಶುಕ್ರವಾರ. ಮೈಸೂರಿನಲ್ಲಿ ಆಷಾಢ ಶುಕ್ರವಾರವೆಂದರೆ ಚಾಮುಂಡಿ ಬೆಟ್ಟಕ್ಕೆ ಜನಸಾಗರ, ಎಷ್ಟೋ ಮನೆಯಲ್ಲಿ ಹಬ್ಬದ ಅಡುಗೆ. ಸಂಜೆ ಏಳಕ್ಕೆ ಮುಂಚೆಯೇ 120 ಹೋಳಿಗೆ ತುಂಬಿಹೋಯಿತು. ಮಾವ ಫೋನಿನಲ್ಲಿ ಕೇಳಿದವರಿಗೆಲ್ಲ ಶನಿವಾರಕ್ಕೆ ಮಾಡಿಕೊಡುತ್ತೇವೆ ಎಂದು ಹೇಳುತ್ತ ಹೋದರು. ಆದರೆ ವಾಟ್ಸ್ಆ್ಯಪ್ ಬಿಸಿನೆಸ್ಸಿನಲ್ಲಿ `Away message` ಎಂಬ ತಾನಾಗಿ ಹೋಗುವ ಉತ್ತರವನ್ನು ನಾನೇ ಇಟ್ಟುಕೊಟ್ಟಿದ್ದೆ. ಅದರಲ್ಲಿ “ನಿಮ್ಮ ಸಂದೇಶ ತಲುಪಿದೆ, ಧನ್ಯವಾದ. ನಾಳೆ 11ರಿಂದ 1ರವರೆಗೆ ಹಸಿರು ಗೇಟಿನಲ್ಲಿ ಪಡೆಯಿರಿ” ಎಂದಿತ್ತು. ಏಳೂವರೆಗೆ 20 ಬೇಳೆ ಹೋಳಿಗೆ ಬೇಕೆಂದು ಬರೆದ ನಿವೃತ್ತ ಮೇಷ್ಟ್ರೊಬ್ಬರಿಗೆ ಆ ಉತ್ತರ ಹೋಯಿತು. ಯಾರೂ ಅದನ್ನು ತೆರೆದು ನೋಡಿರಲಿಲ್ಲ. ಶುಕ್ರವಾರ ಹನ್ನೊಂದಕ್ಕೆ ಅವರು ಸ್ಟೀಲ್ ಡಬ್ಬಿ ಹಿಡಿದು ಗೇಟಿನಲ್ಲಿ ನಿಂತಿದ್ದರು, ಮನೆಯಲ್ಲಿ ನೆಂಟರು. ಮಾವ ತಮ್ಮ ಮನೆಗೆಂದು ಎತ್ತಿಟ್ಟಿದ್ದ ಎಂಟನ್ನು ಕೊಟ್ಟು ಕೈಮುಗಿದರು. ಆ ಉತ್ತರ ಬರೆದದ್ದು ನಾನು, ಅಪರಾಧ ನನ್ನದೇ.

ತಾನಾಗಿ ಹೋಗುವ ಉತ್ತರವನ್ನು ಗಿರಾಕಿ ಅಂಗಡಿಯವರ ಮಾತೆಂದೇ ಓದುತ್ತಾರೆ. ಅದರಲ್ಲಿ ಒಪ್ಪಿಗೆಯ ನೆರಳೂ ಇರಬಾರದು. ಆ ಮಧ್ಯಾಹ್ನವೇ ಹೀಗೆ ಬದಲಿಸಿದೆವು: “ಇದು ಫೋನು ತಾನಾಗಿ ಕಳಿಸುವ ಉತ್ತರ. ನಿಮ್ಮ ಆರ್ಡರನ್ನು ಇನ್ನೂ ಯಾರೂ ನೋಡಿಲ್ಲ. ರಾತ್ರಿ 9ರೊಳಗೆ ‘ಪಕ್ಕಾ’ ಎಂದು ನಾವು ಬರೆದರೆ ಮಾತ್ರ ಆರ್ಡರ್ ಆದಂತೆ. ಬಾರದಿದ್ದರೆ ದಯವಿಟ್ಟು ಕರೆ ಮಾಡಿ.” ಪಕ್ಕಾ ಎಂದು ಬರೆಯುವಾಗ ಆರ್ಡರನ್ನು ತಿರುಗಿ ಹೇಳುವುದನ್ನೂ ರೂಢಿ ಮಾಡಿಕೊಂಡರು: “ಪಕ್ಕಾ. ಕಾಯಿ ಹೋಳಿಗೆ 10, ಜುಲೈ 12 ಶನಿವಾರ.” ಬರೀ “10 ಹೋಳಿಗೆ” ಎಂದು ಬರೆದವರಲ್ಲಿ ಇಬ್ಬರಿಗೆ ಬೇಕಾಗಿದ್ದದ್ದು ಬೇಳೆಯದಲ್ಲ, ಕಾಯಿಯದು ಎಂಬುದು ಹೀಗೆ ಬರೆದಾಗಲೇ ತಿಳಿಯಿತು. ಜೊತೆಗೆ ದಿನದ 120 ತುಂಬಿದ ಕೂಡಲೇ ಆ ಉತ್ತರವನ್ನೇ ತಿದ್ದಿ “ನಾಳೆಯದು ಮುಗಿದಿದೆ” ಎಂದು ತಾರೀಖಿನ ಸಮೇತ ಹಾಕುವ ಕೆಲಸವನ್ನು ಮಾವನ ಮಗ ವಹಿಸಿಕೊಂಡ. ಇನ್ನೊಂದು ಮಾತು: ಆ ಫೋನಿಗೆ ಇಂಟರ್ನೆಟ್ ಇದ್ದಾಗ ಮಾತ್ರ ಈ ಉತ್ತರ ಹೋಗುತ್ತದೆ. ಡೇಟಾ ಮುಗಿದು ಮೂಲೆಯಲ್ಲಿ ಬಿದ್ದ ಫೋನಿನಿಂದ ಏನೂ ಹೋಗುವುದಿಲ್ಲ.

ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ಹೆಸರಿದ್ದರೆ ಅಲ್ಲೂ ತಿದ್ದಬೇಕು. ದೂರದಿಂದ ಬರುವವರು ನೋಡುವುದು ಅದನ್ನೇ. ಒಂದೆರಡು ದಿನದ ರಜೆಗೆ ಅಥವಾ ಬದಲಾದ ಸಮಯಕ್ಕೆ `Special hours`, ವಾರ ದಾಟುವ ಮುಚ್ಚುವಿಕೆಗೆ `Temporarily closed`. ಅದರ ಪಕ್ಕದಲ್ಲೇ `Permanently closed` ಕೂಡ ಇರುತ್ತದೆ. ಬೆರಳು ಜಾರಿ ಅದನ್ನು ಒತ್ತಿದರೆ ಅಂಗಡಿ ಶಾಶ್ವತವಾಗಿ ಮುಚ್ಚಿತೆಂದು ಊರಿಗೆಲ್ಲ ಸಾರಿದಂತೆ. `Special hours` ತಾರೀಖು ಕಳೆದ ಮೇಲೆ ತಾನೇ ಹೋಗುತ್ತದೆ. `Temporarily closed` ಹೋಗುವುದಿಲ್ಲ, ತೆರೆದ ದಿನ ನಾವೇ ತೆಗೆಯಬೇಕು.

ಬರೀ ಸಮಯ ಬದಲಾಗುವಾಗಿನ ಸಂದೇಶದಲ್ಲಿ ಬೇರೊಂದು ಕಷ್ಟವಿದೆ. 2021ರ ಏಪ್ರಿಲ್ 27ರಿಂದ ಕೊರೋನಾ ಎರಡನೇ ಅಲೆಯಲ್ಲಿ ಕರ್ನಾಟಕದಲ್ಲಿ ದಿನಸಿ ಅಂಗಡಿಗಳಿಗೆ ಬೆಳಗ್ಗೆ 6ರಿಂದ 10ರವರೆಗೆ ಮಾತ್ರ ಅವಕಾಶ ಕೊಟ್ಟಿದ್ದು ಎಲ್ಲರಿಗೂ ನೆನಪಿದೆ. ಆಗ ಮಾವನ ಅಂಗಡಿಯ ಚೀಟಿಯಲ್ಲಿ “ಬೆಳಗ್ಗೆ 6ರಿಂದ 10” ಎಂದಷ್ಟೇ ಇತ್ತು. ಒಂಬತ್ತೂ ಮುಕ್ಕಾಲಿಗೆ ಬಂದವರು ಸಾಲಿನಲ್ಲಿ ನಿಂತೇ ಹತ್ತು ಹೊಡೆಯಿತು, ಪೊಲೀಸರು ಬಂದು ಕಳಿಸಿದರು. ಮಾರನೇ ವಾರ ಚೀಟಿ ಬದಲಾಯಿತು: ಒಂಬತ್ತೂವರೆಯ ಮೇಲೆ ಹೊಸಬರಿಗೆ ಕೊಡುವುದಿಲ್ಲ, ಹಿಂದಿನ ಸಂಜೆ ಪಟ್ಟಿ ಹೇಳಿದವರು ಕಟ್ಟಿಟ್ಟ ಚೀಲವನ್ನು ಏಳರಿಂದ ಎಂಟರೊಳಗೆ ಒಯ್ಯಬಹುದು. ಬಾಗಿಲು ಹಾಕುವ ಗಂಟೆ ಬೇರೆ, ಕೊನೆಯ ಗಿರಾಕಿಯನ್ನು ಒಳಗೆ ಬಿಟ್ಟುಕೊಳ್ಳುವ ಗಂಟೆ ಬೇರೆ. ಸಮಯ ಕುಗ್ಗಿಸಿದಾಗ ಬರೆಯಬೇಕಾದದ್ದು ಎರಡನೆಯದನ್ನು.

ಗಾರೆ ಕೆಲಸ ಹೇಳಿದ ದಿನಕ್ಕೆ ಮುಗಿಯಲಿಲ್ಲ. ಮಳೆಯ ಥಂಡಿಗೆ ಸಿಮೆಂಟು ಒಣಗದೆ, ಟೈಲ್ಸಿನ ಸಂದು ತುಂಬುವುದು ತಡವಾಯಿತು. ಜುಲೈ 14ರ ಬೆಳಗ್ಗೆ ಮೇಸ್ತ್ರಿ ಇನ್ನೆರಡು ದಿನ ಕೇಳಿದ. ಮಾವ 15ರ ರಾತ್ರಿವರೆಗೆ ಕಾಯುವ ಅಂದರು. ಅತ್ತೆ ಕೇಳಲಿಲ್ಲ. “ಬುಧವಾರ ಎಂಟು ಗಂಟೆಗೆ ಬಂದು ನಿಂತವರ ಮುಖ ನೀವು ನೋಡ್ತೀರಾ?” ಎಂದರು. ಆವತ್ತೇ ಹಳೆಯ ಹಾಳೆಯನ್ನು ಕಿತ್ತು ಹೊಸದನ್ನು ಹಾಕಿದೆವು. ಹಳೆಯದರ ಮೇಲೆ 16ನ್ನು ಪೆನ್ನಿನಲ್ಲಿ 18 ಎಂದು ತಿದ್ದಿದರೆ ಜನಕ್ಕೆ ಯಾವುದು ನಿಜ ಎಂದು ತಿಳಿಯುವುದಿಲ್ಲ, ತಿದ್ದಿದವರು ಯಾರೆಂದೂ ಗೊತ್ತಾಗುವುದಿಲ್ಲ. ಮೊದಲ ಸಾಲಿನಲ್ಲೇ “16ಕ್ಕೆ ಎಂದಿದ್ದೆವು, 18 ಶುಕ್ರವಾರ ಬೆಳಗ್ಗೆ 8ಕ್ಕೆ ತೆರೆಯುತ್ತೇವೆ” ಎಂದು ಬರೆದು, ಕೆಳಗೆ “ಜುಲೈ 14ರಂದು ಬರೆದದ್ದು” ಎಂದು ಹಾಕಿದೆವು. ವಾಟ್ಸ್ಆ್ಯಪಿನಲ್ಲಿ ಹಳೆಯ ಸಂದೇಶ ಯಾರ ಯಾರ ಗುಂಪಿನಲ್ಲಿ ಸುತ್ತುತ್ತಿದೆಯೋ ಹಿಂದಕ್ಕೆ ಕರೆಯಲಾಗದು. ಎರಡೂ ಒಟ್ಟಿಗೆ ಕಂಡಾಗ ಯಾವುದು ಹೊಸದು ಎಂದು ಹೇಳುವುದು ಬರೆದ ತಾರೀಖು ಒಂದೇ. ಗೇಟಿನ ಹೋಳಿಗೆ 17ರವರೆಗೂ ಮುಂದುವರಿಯುತ್ತದೆ ಎಂದೂ ಸೇರಿಸಿದೆವು, ಮೊದಲು ಅದು ಮರೆತುಹೋಗಿತ್ತು.

ಜುಲೈ 18, ಆಷಾಢದ ನಾಲ್ಕನೇ ಶುಕ್ರವಾರ, ಎಂಟಕ್ಕೆ ಹತ್ತು ನಿಮಿಷ ಇರುವಾಗ ಷಟರು ಎತ್ತಿದರು. ಮಾವನ ಮಗ ಕೌಂಟರಿನ ಹಿಂದೆ ನಿಂತು ಗೂಗಲ್ಲಿನಲ್ಲಿ ಅಂಗಡಿ ತೆರೆದಿದೆ ಎಂದು ಬದಲಿಸಿದ, `Away message` ಆರಿಸಿದ, ಷಟರಿನ ಹಾಳೆ ಕಿತ್ತ. ಮೇಷ್ಟ್ರು ಅದೇ ಸ್ಟೀಲ್ ಡಬ್ಬಿ ಹಿಡಿದು ಬಂದರು. ಹಿಂದಿನ ಸಂಜೆ ಆರಕ್ಕೇ ಕರೆ ಮಾಡಿ 20 ಹೇಳಿದ್ದರು, ಪಕ್ಕಾ ಎಂಬ ಉತ್ತರವೂ ಬಂದಿತ್ತು. ಹನ್ನೊಂದು ದಿನ ಗೇಟಿನಲ್ಲಿ ನಡೆದದ್ದನ್ನು ಅತ್ತೆ ಬಿಡಲಿಲ್ಲ. ಎಷ್ಟು ಬೇಳೆ ಹಾಕಬೇಕೆಂದು ರಾತ್ರಿಯೇ ಗೊತ್ತಾದರೆ ಬೆಳಗ್ಗೆ ಮಿಕ್ಕುವುದಿಲ್ಲ, ಸಾಲದೆ ಬರುವುದಿಲ್ಲ. ಈಗಲೂ ಆ ಅಂಗಡಿಯಲ್ಲಿ ಶುಕ್ರವಾರದ ಹೋಳಿಗೆ ಗುರುವಾರ ರಾತ್ರಿ 8ರೊಳಗೆ ಹೇಳಿದವರಿಗೆ ಮೊದಲು.